ಯಾರೂ ನೆಡದ ಗಿಡ

ಬೆಂಗಳೂರಿನ ಒಂದು ಶಾಲೆ. ಅಂಗಳಕ್ಕೆಲ್ಲ ಸಿಮೆಂಟು, ಗೇಟಿನ ಬಳಿ ಕುಂಡದಲ್ಲಿ ಒಂದು ಕ್ರೋಟನ್. ಐದನೇ ತರಗತಿಗೆ ಪ್ರಕೃತಿಯಲ್ಲಿ ಹುಡುಕುವ ಆಟವೊಂದನ್ನು ಮಾಡಿಕೊಡಿ ಎಂದು ಅಲ್ಲಿನ ಟೀಚರ್ ಕೇಳಿದ್ದರು. ಮಾಮೂಲಿ ಪಟ್ಟಿ ಇಲ್ಲಿ ನಡೆಯುವುದಿಲ್ಲ. ‘ಮೂರು ಬಗೆಯ ಎಲೆ ತನ್ನಿ’ ಎಂದರೆ 40 ಮಕ್ಕಳು ಆ ಕ್ರೋಟನ್ನನ್ನು ಎರಡೇ ನಿಮಿಷದಲ್ಲಿ ಬೋಳಿಸುತ್ತಾರೆ.

ಹಾಗಾಗಿ ವಸ್ತು ಬಿಟ್ಟು ಗುರುತು ಕೇಳಿದೆ. ಏನನ್ನೂ ಕೀಳುವಂತಿಲ್ಲ, ಚಾಕ್‌ಪೀಸಿನಿಂದ ಸುತ್ತು ಹಾಕಬೇಕಷ್ಟೆ. ಮೊದಲ ಸುಳಿವು: ‘ಯಾರೂ ನೆಡದ ಗಿಡ ಹುಡುಕಿ. ಅದು ಅಲ್ಲಿಗೆ ಹೇಗೆ ಬಂತು?’ ಶೌಚಾಲಯದ ಗೋಡೆಯ ಬಿರುಕಿನಲ್ಲಿ ಗೇಣುದ್ದದ ಅರಳಿ ಸಸಿ ಇರುವುದನ್ನು ಹಿಂದಿನ ದಿನವೇ ನೋಡಿಟ್ಟಿದ್ದೆ. (ಸುತ್ತಿ ನೋಡದೆ ಸುಳಿವು ಬರೆಯಲೇಬಾರದು.) ಉತ್ತರ ಇರುವುದು ಸಸಿಯಲ್ಲಲ್ಲ, ಅದರ ಮೇಲೆ: ಹಕ್ಕಿಗಳು ಕೂರುವ ಪೈಪು, ಗೋಡೆಗೆ ಇಳಿದ ಬಿಳಿ ಹಿಕ್ಕೆ. ಅರಳಿಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಬೀಜ ಬರುತ್ತದೆ. ಬಿರುಕಿನ ದೂಳು, ಪೈಪಿನ ತೇವ ಅದಕ್ಕೆ ಸಾಕು.

“ಹಾಗಾದ್ರೆ ಇದನ್ನ ನೆಟ್ಟಿದ್ದು ಕಾಗೆ ಅಲ್ವಾ ಮಿಸ್?” ಎಂದಳು ಒಬ್ಬಳು.

ಕಾಗೆಯೋ ಮೈನಾವೋ, ಪೈಪಿನ ಮೇಲೆ ಯಾರು ಬಂದು ಕೂರುತ್ತಾರೆ ನೋಡು ಎಂದೆ.

ಎರಡನೆಯದು ಹಾವಸೆ. ಬೇಸಿಗೆಯಲ್ಲಿ ಅದು ಕಂದು ಕೊಳೆಯಂತೆ ಕಾಣುವುದರಿಂದ ಮಕ್ಕಳು ದಾಟಿಹೋಗುತ್ತಾರೆ. ಬಾಟಲಿಯಿಂದ ನೀರು ಚಿಮುಕಿಸಿದರೆ ಕೆಲವೇ ನಿಮಿಷಗಳಲ್ಲಿ ಹಸಿರಾಗುತ್ತದೆ, ಕೊಳೆ ಕೊಳೆಯಾಗಿಯೇ ಉಳಿಯುತ್ತದೆ.

ಮುಂದಿನ ವಾರ ಅರಳಿ ಸಸಿಯನ್ನು ಕಿತ್ತುಹಾಕಿದರು. ಬೇರು ಗೋಡೆ ಸೀಳುತ್ತದಲ್ಲ, ತಪ್ಪೇನಿಲ್ಲ. ಮಳೆಗಾಲದ ಪಟ್ಟಿಗೆ ಇನ್ನೊಂದು ಬಿರುಕು ನೋಡಿಡಬೇಕು.