ಅರವಟ್ಟಿಗೆಗೆ ಒಂದು ಅಂಕ

ಒಂಬತ್ತನೇ ತರಗತಿಯ ಕನ್ನಡ ಪತ್ರಿಕೆಗೆ ಗದ್ಯಭಾಗವೊಂದನ್ನು ನಾನೇ ಬರೆದಿದ್ದೆ. ‘ಬಿಸಿಲು ನೆತ್ತಿಗೇರಿತ್ತು. ಸಂತೆಗೆ ಹೊರಟವರು ಅರವಟ್ಟಿಗೆ ಕಂಡು ನಿಂತರು. ಅಲ್ಲಿದ್ದ ಅಜ್ಜಿ ಯಾರಿಂದಲೂ ಕಾಸು ಕೇಳಲಿಲ್ಲ.’ ಗೆರೆ ಎಳೆದ ಪದ ಅರವಟ್ಟಿಗೆ. ಆಯ್ಕೆಗಳು ನಾಲ್ಕು: ಬಾವಿ, ಪೆಟ್ಟಿಗೆ ಅಂಗಡಿ, ಛತ್ರ, ದಾರಿಹೋಕರಿಗೆ ನೀರು ಕೊಡುವ ಚಪ್ಪರ.

ಪೆಟ್ಟಿಗೆ ಅಂಗಡಿ ಎಂದು ಬರೆದವರು ಸುತ್ತಲಿನ ಸಾಲು ಓದಿರಲಿಲ್ಲ, ಪದದ ಬಾಲ ಕೇಳಿಸಿಕೊಂಡಿದ್ದರು. ವಟ್ಟಿಗೆ, ಪೆಟ್ಟಿಗೆ. ಕಾಸು ಕೇಳದ ಅಂಗಡಿ ಯಾವ ಊರಿನದು? ಅದನ್ನು ತಪ್ಪೆಂದು ಗುರುತು ಹಾಕುವಾಗ ನನಗೆ ಅಳುಕಿರಲಿಲ್ಲ. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ತರಪತ್ರಿಕೆ ಹಿಡಿದು ಬಂದ. “ಸರ್, ಛತ್ರದಲ್ಲೂ ಕಾಸು ಕೇಳಲ್ಲ. ಬಿಸಿಲಲ್ಲಿ ಬಂದವರು ಅಲ್ಲೂ ನಿಲ್ತಾರೆ.”

ನಾನು ಗದ್ಯಭಾಗವನ್ನು ಮತ್ತೆ ಓದಿದೆ. ಅರವಟ್ಟಿಗೆ ಇದ್ದ ಜಾಗದಲ್ಲಿ ಛತ್ರವನ್ನು ಇಟ್ಟು ಓದಿದೆ. ಎಲ್ಲಿಯೂ ತೊಡಕಿಲ್ಲ. ಮೊದಲ ಕರಡಿನಲ್ಲಿ ಇನ್ನೂ ಎರಡು ಸಾಲುಗಳಿದ್ದವು. ಪುಟದಲ್ಲಿ ಹಿಡಿಸಲೆಂದು ಕತ್ತರಿಸಿದ್ದೆ. ‘ಮಡಕೆಯಿಂದ ಮೊಗೆದು ಒಬ್ಬೊಬ್ಬರ ಬೊಗಸೆಗೂ ಸುರಿದಳು. ಗಂಟಲು ತಣ್ಣಗಾದದ್ದೇ ತಡ, ಅವರು ಗಂಟು ಹೊತ್ತು ಮುಂದೆ ನಡೆದರು.’ ಅರ್ಥ ಇದ್ದದ್ದು ಈ ಸಾಲುಗಳಲ್ಲಿ. ಮಡಕೆಯಿಂದ ಮೊಗೆದು ಕೊಡುವವಳು ಇದ್ದಾಳೆಂದರೆ ಯಾರೂ ಹಗ್ಗ ಬಿಟ್ಟು ಸೇದುತ್ತಿಲ್ಲ, ಬಾವಿ ಹೋಯಿತು. ಉಣ್ಣದೆ, ತಂಗದೆ ಕೂಡಲೇ ಹೊರಟರೆಂದರೆ ಛತ್ರವೂ ಹೋಯಿತು. ಸುಳಿವು ಗೆರೆ ಎಳೆದ ಪದಕ್ಕಿಂತ ಮೊದಲೇ ಬರಬೇಕೆಂದಿಲ್ಲ. ಇಲ್ಲಿ ಅದು ಮೂರು ಸಾಲು ದಾಟಿ ಕೂತಿತ್ತು, ನಾನು ಅದನ್ನೇ ಕತ್ತರಿಸಿದ್ದೆ.

ಅಂದಿನಿಂದ ಇಂಥ ಪ್ರಶ್ನೆ ಬರೆದ ಮೇಲೆ ಪ್ರತಿ ಆಯ್ಕೆಯನ್ನೂ ಆ ಪದದ ಜಾಗದಲ್ಲಿಟ್ಟು, ಭಾಗವನ್ನು ಕೊನೆಯವರೆಗೆ ಓದುತ್ತೇನೆ. ಅದೇ ಒಂದು ವಾಕ್ಯವನ್ನು ಓದಿ ನಿಲ್ಲಿಸಿದರೆ ಎರಡು ಮೂರು ಆಯ್ಕೆಗಳು ಹೊಂದಿಬಿಡುತ್ತವೆ. ಪ್ರತಿ ತಪ್ಪು ಉತ್ತರವನ್ನೂ ಎಡವಿ ಬೀಳಿಸುವ ಒಂದು ಮಾತನ್ನಾದರೂ ಬೆರಳಿಟ್ಟು ತೋರಿಸಲು ನನಗೆ ಬರಬೇಕು. ಬಾರದಿದ್ದರೆ ನಾನು ಕೇಳುತ್ತಿರುವುದು ಓದನ್ನಲ್ಲ, ಮನೆಯಲ್ಲಿ ಅಜ್ಜಿಯಿಂದ ಆ ಪದ ಕೇಳಿದ್ದಾರೋ ಇಲ್ಲವೋ ಎಂಬುದನ್ನು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಅದು ಅನ್ಯಾಯ.

ಛತ್ರ ಎಂದವರಿಗೆಲ್ಲ ಅಂಕ ಕೊಟ್ಟೆ. ಮರುದಿನ ಐದೂ ಸಾಲುಗಳನ್ನು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ನೀರಿನ ಚಪ್ಪರಕ್ಕೇ ಕೈ ಎತ್ತಿದರು. ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಕೇಳಿದಳು: “ಸರ್, ಮಡಕೇಲಿ ಮಜ್ಜಿಗೆ ಇದ್ರೂ ಅರವಟ್ಟಿಗೆನೇನಾ?”

ಐದು ಸಾಲುಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಿಘಂಟು ತರಲು ಅವಳನ್ನೇ ಸ್ಟಾಫ್ ರೂಮಿಗೆ ಕಳಿಸಿದೆ.