ಮೈಕ್ ನಮ್ಮ ಕೈಲಿ, ಅತಿಥಿ ಇನ್ನೂ ದಾರೀಲಿ (ನಿರೂಪಣೆ ಸರಣಿ – 4)

ಪ್ರಾರ್ಥನೆ ಮುಗೀತು. ಸ್ವಾಗತ ಭಾಷಣಾನೂ ಮುಗೀತು. ಮುಖ್ಯ ಅತಿಥಿ ಕುರ್ಚಿ ಮಾತ್ರ ಖಾಲಿ. ಅಷ್ಟೊತ್ತಿಗೆ ಮೇಷ್ಟ್ರು ವೇದಿಕೆ ಪಕ್ಕ ಬಂದು ಮೆಲ್ಲಗೆ ಹೇಳ್ತಾರೆ: "ಏನಾದ್ರೂ ಮಾತಾಡ್ತಿರಮ್ಮ, ಬಂದ್ಬಿಡ್ತಾರೆ." ನಿರೂಪಣೆ ಮಾಡಿದ ಎಲ್ಲರಿಗೂ ಈ ವಾಕ್ಯ ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತೆ. ನಿಮಗೂ ಬೀಳುತ್ತೆ, ಅದಕ್ಕೇ ಈ ಸಲ ಇದನ್ನೇ ಬರೀತಿದ್ದೀನಿ.

ತೊಂದರೆ ಇರೋದು ಆ "ಏನಾದ್ರೂ" ಅನ್ನೋ ಪದದಲ್ಲಿ. ಏನಾದ್ರೂ ಮಾತಾಡೋಕೆ ಹೋದ್ರೆ ಬಾಯಿಗೆ ಬರೋದು ಏನು? "ಇನ್ನೇನು ಬಂದೇ ಬಿಡ್ತಾರೆ", "ಎಲ್ಲರೂ ಸಹಕರಿಸಬೇಕು", "ಇಂದಿನ ದಿನಮಾನಗಳಲ್ಲಿ ಈ ವಿಷಯ ಬಹಳ ಮಹತ್ವದ್ದು". ಇದ್ರಲ್ಲಿ ಮೊದಲೆರಡು ಕಾಯೋದರ ಬಗ್ಗೆ. ಮೂರನೇದು ಯಾವುದರ ಬಗ್ಗೆಯೂ ಅಲ್ಲ. ಸಭೆಗೆ ಇದು ತಕ್ಷಣ ಗೊತ್ತಾಗುತ್ತೆ, ಮೊಬೈಲ್ ಹೊರಗೆ ಬರುತ್ತೆ.

ನಾನು ಇಟ್ಟುಕೊಂಡಿರೋ ಪರೀಕ್ಷೆ ಒಂದೇ. ನಾನು ಹೇಳ್ತಿರೋ ವಾಕ್ಯವನ್ನ ಹಾಗೇ ಎತ್ತಿಕೊಂಡು ಹೋಗಿ ರಕ್ತದಾನ ಶಿಬಿರದಲ್ಲೂ ಹೇಳಬಹುದಾ? ಹೇಳಬಹುದು ಅನ್ನೋದಾದ್ರೆ ಅದು ಟೈಮ್‌ಪಾಸ್ ವಾಕ್ಯ. ಇವತ್ತಿನ ವಿಷಯಕ್ಕೆ ಬಿಟ್ಟು ಬೇರೆ ಎಲ್ಲೂ ಹೊಂದದ ವಾಕ್ಯ ಆದ್ರೆ ಅದು ಪೀಠಿಕೆ.

ಒಂದು ಉದಾಹರಣೆ ಪೂರ್ತಿ ಹೇಳ್ತೀನಿ. ಮಾರ್ಚ್ 15, ವಿಶ್ವ ಗ್ರಾಹಕರ ಹಕ್ಕುಗಳ ದಿನ. ನಮ್ಮ ಕಾಮರ್ಸ್ ವಿಭಾಗದ ಕಾರ್ಯಕ್ರಮ. ಮಾತಾಡಬೇಕಿದ್ದ ವಕೀಲರು ರೈಲ್ವೆ ಗೇಟ್ ಹತ್ರ ಸಿಕ್ಕಿಹಾಕಿಕೊಂಡಿದ್ರು.

ಮೊದಲು ತಡ ಆಗಿದ್ದನ್ನ ಹೇಳಬೇಕು, ಆದ್ರೆ ಒಂದೇ ಸಲ. "ಇವತ್ತಿನ ಅತಿಥಿಗಳು ರೈಲ್ವೆ ಗೇಟ್ ಹತ್ರ ಇದ್ದಾರೆ, ಹತ್ತು ನಿಮಿಷದಲ್ಲಿ ನಮ್ಮ ಜೊತೆ ಇರ್ತಾರೆ. ಅವರು ಬರೋ ಹೊತ್ತಿಗೆ ವಿಷಯ ನಮ್ಮ ಕೈಲಿರಲಿ." ಇಷ್ಟೇ. ಫೋನಲ್ಲಿ ಏಳು ನಿಮಿಷ ಅಂದಿದ್ರು, ನಾನು ಹತ್ತು ಅಂದೆ. ಬೇಗ ಬಂದ್ರೆ ಸಭೆಗೆ ಖುಷಿ. ಏಳು ಅಂತ ಹೇಳಿ ಹತ್ತಾದ್ರೆ ಮತ್ತೆ ಸಬೂಬು ಹೇಳಬೇಕಾಗುತ್ತೆ. ಈ ವಾಕ್ಯ ಆದ ಮೇಲೆ ತಡ ಅನ್ನೋ ಮಾತೇ ಎತ್ತಬಾರದು, ಬಾಗಿಲ ಕಡೆ ನೋಡಲೂಬಾರದು. ನಿಮ್ಮ ಕಣ್ಣು ಬಾಗಿಲಿಗೆ ಹೋದ್ರೆ ಇನ್ನೂರು ಜನರ ಕಣ್ಣೂ ಅಲ್ಲಿಗೇ ಹೋಗುತ್ತೆ.

ಆಮೇಲೆ ಒಂದು ವಸ್ತು. ವೇದಿಕೆ ಮೇಲೆ ನೀರಿನ ಬಾಟಲಿ ಇತ್ತು. ಎತ್ತಿಕೊಂಡೆ. ಲೇಬಲ್ ಮೇಲಿರೋದನ್ನ ಒಂದೊಂದಾಗಿ ಓದಿದೆ: ಎಷ್ಟು ನೀರಿದೆ, ಯಾವಾಗ ತುಂಬಿಸಿದ್ದು, ದೂರಿಗೆ ಯಾವ ಫೋನ್ ನಂಬರ್, ಗರಿಷ್ಠ ಮಾರಾಟ ಬೆಲೆ ಎಷ್ಟು. ಬೆಲೆ ಪಕ್ಕದಲ್ಲಿ "ಎಲ್ಲ ತೆರಿಗೆ ಸೇರಿ" ಅನ್ನೋ ಅರ್ಥದ ಸಾಲು ಇರುತ್ತಲ್ಲ, ಅದನ್ನ ಎರಡು ಸಲ ಓದಿದೆ.

ಆಮೇಲೆ ಒಂದು ಪ್ರಶ್ನೆ. "ಬಸ್ ಸ್ಟ್ಯಾಂಡಲ್ಲಿ 'ಕೂಲಿಂಗ್ ಚಾರ್ಜ್' ಅಂತ ಇದೇ ಬಾಟಲಿಗೆ ಜಾಸ್ತಿ ಕೊಟ್ಟವರು ಕೈ ಎತ್ತಿ." ಹೆಚ್ಚುಕಮ್ಮಿ ಇಡೀ ಹಾಲ್ ಕೈ ಎತ್ತಿತು. "ಯಾಕೆ ಜಾಸ್ತಿ ಅಂತ ಕೇಳಿದವರು ಮಾತ್ರ ಕೈ ಹಾಗೇ ಇಟ್ಕೊಳ್ಳಿ." ನಾಲ್ಕೈದು ಕೈ ಉಳೀತು. ಹಿಂದಿನ ಬೆಂಚಿಂದ ಒಬ್ಬ ಕೂಗಿದ, "ಎರಡು ರೂಪಾಯಿಗೆ ಯಾರ್ ಜಗಳ ಆಡ್ತಾರೆ ಮೇಡಂ!" ಎಲ್ಲರೂ ನಕ್ಕರು.

ಇಂಥ ಮಾತು ಸಿಕ್ಕಿದ್ರೆ ಬಿಡಬೇಡಿ. ಅದು ನಗುವಲ್ಲಿ ಕಳೆದುಹೋಗೋಕೆ ಮುಂಚೆ ಹಿಡ್ಕೊಳ್ಳಿ. ನಾನು ಅಂದೆ, "ಸರಿ, ನಾವು ಕಾಮರ್ಸ್ ಸ್ಟೂಡೆಂಟ್ಸ್, ಲೆಕ್ಕ ಹಾಕೋಣ. ದಿನಕ್ಕೆ ನೂರು ಬಾಟಲಿ ಅಂದ್ಕೊಳ್ಳಿ. ಎರಡು ರೂಪಾಯಿಯಂತೆ ದಿನಕ್ಕೆ 200. ತಿಂಗಳಿಗೆ 6000. ನಮಗೆ ಎರಡು ರೂಪಾಯಿ, ಅಂಗಡಿಗೆ ಆರು ಸಾವಿರ. ಜಗಳ ಆಡದೇ ಇರೋದಕ್ಕೆ ನಾವು ಕೊಡ್ತಿರೋ ಸಂಬಳ ಇದು." ಹಾಲ್ ಸ್ವಲ್ಪ ಹೊತ್ತು ಸುಮ್ಮನಾಯ್ತು.

ಕೊನೆಗೆ ಇವತ್ತಿನ ದಿನಕ್ಕೆ ಒಂದೇ ಒಂದು ಕೊಂಡಿ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕು ಹೇಳಿದ್ರು: ಸುರಕ್ಷತೆ, ಮಾಹಿತಿ, ಆಯ್ಕೆ, ಮತ್ತು ನಮ್ಮ ಮಾತು ಕೇಳಿಸಿಕೊಳ್ಳಬೇಕು ಅನ್ನೋ ಹಕ್ಕು. "ಮೊದಲ ಮೂರು ಈ ಲೇಬಲ್ ಮೇಲೆ ಹುಡುಕಿದ್ರೆ ಸಿಗಬಹುದು. ನಾಲ್ಕನೇದು ನಾವು ಬಾಯಿ ಬಿಟ್ರೆ ಮಾತ್ರ. ಹಾಗಾದ್ರೆ ಎರಡು ರೂಪಾಯಿಗೂ ದೂರು ಕೊಡಬಹುದಾ? ಎಲ್ಲಿ? ಖರ್ಚು ಎಷ್ಟು?" ಅಲ್ಲಿಗೆ ನಿಲ್ಲಿಸಿದೆ.

ಇಲ್ಲೇ ಇರೋದು ನೋಡಿ ಸೂಕ್ಷ್ಮ. ಉತ್ತರ ನನಗೆ ಗೊತ್ತಿತ್ತು. ಐದು ಲಕ್ಷದವರೆಗಿನ ದೂರಿಗೆ ಗ್ರಾಹಕರ ಆಯೋಗದಲ್ಲಿ ಶುಲ್ಕ ಇಲ್ಲ ಅಂತ ಹಿಂದಿನ ರಾತ್ರಿನೇ ಓದಿದ್ದೆ. ಹೇಳಲಿಲ್ಲ, ಯಾಕಂದ್ರೆ ಅದು ವಕೀಲರ ಪಾಲಿನ ಊಟ. ನಾವು ಎಲೆ ಹಾಕಬೇಕು, ಪಾಯಸ ಬಡಿಸಿಬಿಡಬಾರದು. ಅತಿಥಿ ಹೇಳಬೇಕಾದ ಕಾನೂನನ್ನ ನಾವೇ ಅರ್ಧಂಬರ್ಧ ಹೇಳಿದ್ರೆ, ಅವರು ಬಂದು ಅದನ್ನೇ ಮತ್ತೆ ಹೇಳಬೇಕು, ಇಲ್ಲಾ ನಮ್ಮನ್ನ ತಿದ್ದಬೇಕು. ಎರಡೂ ಮುಜುಗರ. ಪ್ರಶ್ನೆ ಬಿಟ್ಟರೆ ಅವರಿಗೆ ಜಾಗ ಸಿಗುತ್ತೆ. ಅವರು ವೇದಿಕೆಗೆ ಬಂದಾಗ ನಾನು ಹೇಳಿದ್ದು ಇಷ್ಟು: "ಸರ್, ಈ ಸಭೆ ನಿಮಗೋಸ್ಕರ ಒಂದು ಎರಡು ರೂಪಾಯಿ ಪ್ರಶ್ನೆ ಇಟ್ಕೊಂಡಿದೆ." ಅವರು ತಮ್ಮ ಕಾಗದ ಪಕ್ಕಕ್ಕಿಟ್ಟು ಅಲ್ಲಿಂದಲೇ ಶುರು ಮಾಡಿದ್ರು.

ಇನ್ನೊಂದು ವಿಷಯ. ಅತಿಥಿ ಯಾವ ಕ್ಷಣದಲ್ಲಾದ್ರೂ ಒಳಗೆ ಬರಬಹುದು. ಅದಕ್ಕೆ ಮಾತನ್ನ ಒಂದೊಂದು ನಿಮಿಷದ ತುಂಡು ಮಾಡ್ಕೊಳ್ಳಿ. ಬಾಟಲಿ ಒಂದು ತುಂಡು, ಕೈ ಎತ್ತಿಸೋದು ಒಂದು, ಲೆಕ್ಕ ಒಂದು, ದಿನದ ಕೊಂಡಿ ಒಂದು. ಪ್ರತಿ ತುಂಡೂ ತಾನಾಗಿ ಮುಗಿಯೋ ಹಾಗಿದ್ರೆ, ಎಲ್ಲಿ ನಿಲ್ಲಿಸಿದ್ರೂ ಅರ್ಧಕ್ಕೆ ಬಿಟ್ಟ ಹಾಗೆ ಕಾಣಲ್ಲ. ದೊಡ್ಡ ಕಥೆ ಶುರು ಮಾಡಿದ್ರೆ ಆ ಸೌಲಭ್ಯ ಇಲ್ಲ. ಬಾಗಿಲಲ್ಲಿ ಒಬ್ಬ ಫ್ರೆಂಡ್ ನಿಂತಿರಲಿ. ಕಾರು ಗೇಟ್ ದಾಟಿದ ತಕ್ಷಣ ಅವಳು ಕೈ ಎತ್ತಬೇಕು. ಗೇಟಿಂದ ವೇದಿಕೆಗೆ ನಡೆದು ಬರೋ ಹೊತ್ತು ನಿಮ್ಮ ಕೊನೆ ವಾಕ್ಯಕ್ಕೆ ಸಾಕು.

ಆದ್ರೆ ಇದಕ್ಕೂ ಮಿತಿ ಇದೆ. ನಾಲ್ಕೈದು ನಿಮಿಷ ಆದ ಮೇಲೆ ಎಷ್ಟೇ ಒಳ್ಳೆ ಪೀಠಿಕೆ ಆದ್ರೂ ಭಾಷಣ ಆಗಿಬಿಡುತ್ತೆ, ನೀವೇ ಅತಿಥಿ ಥರ ಕಾಣ್ತೀರ. ಹದಿನೈದು ನಿಮಿಷ ತಡ ಅಂತ ಗೊತ್ತಾದ್ರೆ ಮೇಷ್ಟ್ರನ್ನ ಕೇಳಿ ಬಹುಮಾನ ವಿತರಣೆ ಮುಂದಕ್ಕೆ ತನ್ನಿ. ಮತ್ತೆ, ಕೈ ಎತ್ತಿಸೋದು ಎಲ್ಲ ವಿಷಯಕ್ಕೂ ಸರಿಹೋಗಲ್ಲ. ಕಾಯಿಲೆ, ಸಾಲ, ಮನೆಯೊಳಗಿನ ಜಗಳ, ಇಂಥದ್ರಲ್ಲಿ ಯಾರನ್ನೂ ಎಲ್ಲರೆದುರು ಎತ್ತಿ ತೋರಿಸಬೇಡಿ. ಅಲ್ಲಿ ವಸ್ತು ಮತ್ತು ಪ್ರಶ್ನೆ ಮಾತ್ರ ಸಾಕು.

ಇಷ್ಟಕ್ಕೆ ಹಿಂದಿನ ರಾತ್ರಿ ಆಮಂತ್ರಣ ಪತ್ರಿಕೆ ಹಿಂದೆ ಮೂರು ಪದ ಬರ್ಕೊಂಡ್ರೆ ಆಯ್ತು: ವಸ್ತು, ಪ್ರಶ್ನೆ, ಕೊಂಡಿ. ಜಿಎಸ್‌ಟಿ ಮೇಲೆ ಉಪನ್ಯಾಸ ಅಂದ್ರೆ ಜೇಬಲ್ಲಿರೋ ಹೋಟೆಲ್ ಬಿಲ್. ಬ್ಯಾಂಕಿಂಗ್ ಅಂದ್ರೆ ಅಜ್ಜಿಯ ಪಾಸ್‌ಬುಕ್. ನಿಮ್ಮ ಕಾಲೇಜಿನ ಮುಂದಿನ ಕಾರ್ಯಕ್ರಮದ ವಿಷಯ ಏನು? ಅದಕ್ಕೆ ಕೈಲಿ ಹಿಡಿಯೋ ವಸ್ತು ಯಾವುದು ಅಂತ ಈಗಲೇ ಯೋಚಿಸಿ, ಕೆಳಗೆ ಬರೀರಿ.

#ನಿರೂಪಣೆ #ಮೈಕ್‌ಮಾತು