ಉದ್ಘಾಟನೆಯೋ, ಉಚ್ಚಾಟನೆಯೋ?

ಕಾಲೇಜು ದಿನಾಚರಣೆಗೆ ಒಂದು ಪ್ರಹಸನ ಬರೆದಿದ್ದೆ. ಅದರಲ್ಲಿ ನಗಿಸಬೇಕಾದವನು ಜಯನಗರ ನಾಲ್ಕನೇ ಬ್ಲಾಕಿನ ಹಣ್ಣಿನ ವ್ಯಾಪಾರಿ. 'ನಾನು ಬಂತು, ನೀನು ಹೋಯ್ತು' ಎಂದು ದಖನಿ ಧಾಟಿಯಲ್ಲಿ ಕನ್ನಡ ಆಡುವವನು. ಓದಿದಾಗ ಎಲ್ಲರೂ ನಕ್ಕರು, ಒಬ್ಬ ಗೆಳತಿ ಮಾತ್ರ ನಗಲಿಲ್ಲ. "ನಮ್ಮ ಅಮ್ಮಿ ಮಾತಾಡೋದೂ ಹೀಗೇ ಕಣೇ" ಎಂದಳು. ನಮ್ಮ ಮನೆಯಲ್ಲೂ ಹಾಗೆಯೇ. ಬರೆಯುವಾಗ ಅದು ಹೊಳೆದೇ ಇರಲಿಲ್ಲ.

ಷೆರಿಡನ್‌ನ 'ದಿ ರೈವಲ್ಸ್' (1775) ನಾಟಕದ ಮಿಸೆಸ್ ಮಾಲಾಪ್ರಾಪ್ ನೆನಪಾದಳು. ಒಂದು ದೊಡ್ಡ ಪದ ಹೇಳಹೋಗಿ, ಕೇಳಲು ಅದರಂತೆಯೇ ಇರುವ ಇನ್ನೊಂದನ್ನು ಹೇಳಿಬಿಡುತ್ತಾಳೆ. ಅವಳಿಗೆ ಭಾಷೆ ಬಾರದೆ ಅಲ್ಲ, ಸರಳ ಪದ ಸಾಲದೆಂಬ ಜಂಬಕ್ಕೆ. ನನ್ನ ವ್ಯಾಪಾರಿಗೆ ಜಂಬ ಎಲ್ಲಿತ್ತು? ಹೊಟ್ಟೆಪಾಡಿಗೆ ಇನ್ನೊಂದು ಭಾಷೆ ಕಲಿತವನು, ಪಾಪ.

ಹಾಗಾಗಿ ನಗೆಯನ್ನು ಬಡಾವಣೆ ಸಂಘದ ಅಧ್ಯಕ್ಷರಿಗೆ ವರ್ಗಾಯಿಸಿದೆ. ಅವರ ಮನೆಮಾತು ಕನ್ನಡವೇ. 'ಪಾರ್ಕ್ ತೆರೀತಾರೆ' ಎಂದರೆ ಸಾಕಿತ್ತು. ಅವರು ಮೈಕ್ ಹಿಡಿದು, "ಮಾನ್ಯ ಶಾಸಕರು ಈಗ ಉದ್ಯಾನವನದ ಉಚ್ಚಾಟನೆ ನೆರವೇರಿಸುತ್ತಾರೆ" ಎನ್ನುತ್ತಾರೆ.

ಮೊದಲ ತಾಲೀಮಿನಲ್ಲಿ ಅರ್ಧ ಜನ ಸುಮ್ಮನೆ ಕೂತಿದ್ದರು. ಉಚ್ಚಾಟನೆ ಎಂದರೆ ಹೊರಗೆ ಹಾಕುವುದು ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪದ ತಪ್ಪಿದರೆ ನಗು ಬರುವುದಾದರೂ ಹೇಗೆ? ಅದಕ್ಕೇ ಆರಂಭದ ದೃಶ್ಯದಲ್ಲಿ ವ್ಯಾಪಾರಿಯ ಕೈಗೆ ಪತ್ರಿಕೆ ಕೊಟ್ಟೆ. ಅವನು 'ಪಕ್ಷದಿಂದ ಇಬ್ಬರ ಉಚ್ಚಾಟನೆ' ಎಂದು ಗಟ್ಟಿಯಾಗಿ ಓದಿ, "ಪಾಪ, ಓಡಿಸಿಬಿಟ್ರು" ಎನ್ನುತ್ತಾನೆ.

ಎರಡನೇ ತಾಲೀಮಿನಲ್ಲಿ ಅಧ್ಯಕ್ಷರ ಭಾಷಣಕ್ಕೆ ಎಲ್ಲರೂ ನಕ್ಕರು. ಆದರೆ ನನ್ನ ಗೆಳತಿ ಬಿದ್ದು ಬಿದ್ದು ನಕ್ಕಿದ್ದು ಆಮೇಲೆ ವ್ಯಾಪಾರಿ ಕೇಳುವ ಪ್ರಶ್ನೆಗೆ: "ಯಾಕೆ ಸಾರ್, ಪಾರ್ಕ್ ಏನು ತಪ್ಪು ಮಾಡ್ತು?"